ಡ್ಯೂಸ್ ಅಂದರೆ ‘ಸಮ’ ಅಂತ ಅರ್ಥವೇ? 15, 30 ಆದಮೇಲೆ 45 ಬಿಟ್ಟು 40 ಯಾಕೆ?

ಮೈಸೂರಿನ ಅಪ್ಪ

ಮಗಳಿಗೆ ಹನ್ನೊಂದು ವರ್ಷ, ಟೆನ್ನಿಸ್ ಕಲಿಯೋಕೆ ಶುರು ಮಾಡಿ ಆರು ತಿಂಗಳಾಯ್ತು. ಕೋರ್ಟಿನ ಪಕ್ಕದಲ್ಲಿ ಕೈಯಿಂದ ತಿರುವಿ ಹಾಕುವ ಸ್ಕೋರ್ ಬೋರ್ಡ್ ಇದೆ. ಅದನ್ನು ತಿರುವುವ ಕೆಲಸ ಅಪ್ಪ ಅಮ್ಮಂದಿರದು. ಹೋದ ಭಾನುವಾರ ನನ್ನ ಸರದಿ. ಮಗಳು 40, ಎದುರಿನ ಹುಡುಗಿ 30. ಮಗಳು ಹೊಡೆದ ಚೆಂಡು ನೆಟ್‌ಗೆ ಬಿತ್ತು, ಎರಡೂ ಕಡೆ 40 ಮಾಡಿದೆ. ಆಮೇಲೆ ಮಗಳು ಒಂದು ಪಾಯಿಂಟ್ ಗೆದ್ದಳು. ತಿರುವಿ ಹಾಕೋಣ ಅಂದರೆ 40ರ ಹಿಂದೆ ಹಲಗೆಯೇ ಇಲ್ಲ! ಕೋಚ್ ‘ಹಾಗೇ ಇರಲಿ, ಅಡ್ವಾಂಟೇಜ್’ ಅಂದರು. ಮುಂದಿನದನ್ನು ಸೋತಳು, ಮತ್ತೆ ಡ್ಯೂಸ್. ಮತ್ತೆ ಗೆದ್ದಳು, ಮತ್ತೆ ಸೋತಳು. ಬೋರ್ಡ್ ಮಾತ್ರ ಅಲ್ಲಾಡಲಿಲ್ಲ. ಕೊನೆಗೆ ಆ ಗೇಮ್ ಸೋತಳು.

ಮನೆಗೆ ಬರುವಾಗ ಸ್ಕೂಟರ್ ಹಿಂದೆ ಕೂತು ಕೇಳಿದಳು: ‘ಅಪ್ಪ, ಒಂದು ಪಾಯಿಂಟಿಗೆ ಹದಿನೈದು, ಇನ್ನೊಂದಕ್ಕೆ ಹದಿನೈದು, ಮೂರನೆಯದಕ್ಕೆ ಹತ್ತೇ ಯಾಕೆ? 40-40 ಅನ್ನದೆ ಡ್ಯೂಸ್ ಅನ್ನೋದು ಯಾಕೆ?’ ಡ್ಯೂಸ್ ಅಂದರೆ ಸಮ ಅಂತ ಹೇಳಿದೆ. ‘ಹಾಗಾದರೆ 30-30ಕ್ಕೆ ಯಾಕೆ ಡ್ಯೂಸ್ ಅನ್ನಲ್ಲ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಲ್ಲವರು ಹೇಳಿ.

ತುಮಕೂರು ಟಾಪ್‌ಸ್ಪಿನ್

ಇದು ಗಡಿಯಾರದ ಲೆಕ್ಕ ಸರ್. ಹಿಂದೆ ಕೋರ್ಟಿನಲ್ಲಿ ಗಡಿಯಾರದ ಮುಖ ಇಟ್ಟು, ಪಾಯಿಂಟಿಗೊಂದು ಕಾಲುಸುತ್ತು ಮುಳ್ಳು ತಿರುಗಿಸುತ್ತಿದ್ದರು. 15, 30, 45, ಪೂರ್ತಿ ಸುತ್ತು ಬಂದರೆ ಗೇಮ್. ಆಮೇಲೆ ಅಡ್ವಾಂಟೇಜಿಗೆ ಜಾಗ ಬೇಕಲ್ಲ, ಅದಕ್ಕೆ 45ನ್ನು 40 ಮಾಡಿ, 50ನ್ನು ಅಡ್ವಾಂಟೇಜಿಗೆ ಇಟ್ಟರು. ನಮ್ಮ ಕೋಚ್ ಇದನ್ನೇ ಹೇಳಿಕೊಟ್ಟಿದ್ದು. ಸರಳವಾಗಿದೆ, ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತೆ.

ದಾವಣಗೆರೆ ಟಿಟಿ

ಡ್ಯೂಸ್ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ಹೋದ ವರ್ಷ ಒಂದು ಟೇಬಲ್ ಟೆನ್ನಿಸ್ ಟೂರ್ನಿಯಲ್ಲಿ ಐದನೇ ಗೇಮ್ 10-10 ಆಯ್ತು. ಅಲ್ಲಿಂದ ಮುಂದೆ ಒಬ್ಬೊಬ್ಬರಿಗೆ ಒಂದೊಂದೇ ಸರ್ವ್. ಎದುರಾಳಿ ಮಾತ್ರ ಮೊದಲಿನ ಹಾಗೇ ಎರಡೆರಡು ಮಾಡ್ತಿದ್ದ. ಟೇಬಲ್ ಹತ್ತಿರ ಕೂತವರು ಗಮನಿಸಲಿಲ್ಲ, ನಾನೂ ಆಟದ ಬಿಸಿಯಲ್ಲಿ ಬಾಯಿ ಬಿಡಲಿಲ್ಲ. 13-11ಕ್ಕೆ ಸೋತೆ. ಡ್ಯೂಸ್‌ನಲ್ಲಿ ಸರ್ವ್ ಯಾರದು ಅನ್ನೋದನ್ನ ಮೊದಲು ಮಗಳಿಗೆ ಸರಿಯಾಗಿ ಹೇಳಿಕೊಡಿ ಸರ್.

ಮೈಸೂರಿನ ಅಪ್ಪ

ನಿಮಗಾದದ್ದು ಬೇಸರದ ಸಂಗತಿ. ಟೆನ್ನಿಸ್‌ನಲ್ಲಿ ಗೇಮ್ ಮುಗಿಯೋವರೆಗೆ ಒಬ್ಬರದೇ ಸರ್ವ್, ಆ ತೊಂದರೆ ಇಲ್ಲ. ನನ್ನ ಪ್ರಶ್ನೆ ಆ ಪದದ ಬಗ್ಗೆ, ಆ ಅಂಕಿಗಳ ಬಗ್ಗೆ.

ಪದದ ಬೆನ್ನು ಹತ್ತಿ

ಇಪ್ಪತ್ತೆರಡು ವರ್ಷ ಫ್ರೆಂಚ್ ಪಾಠ ಮಾಡಿದವಳು ನಾನು. ಈ ಪದದ ಹಿಂದೆ ಬಹಳ ದಿನ ಅಲೆದಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮಗಳು ಕೇಳಿದ್ದು ಸರಿಯಾಗಿದೆ. ಡ್ಯೂಸ್ ಅಂದರೆ ಸಮ ಅಲ್ಲ, ಎರಡು. ಇಂದಿನ ಟೆನ್ನಿಸ್ ಹುಟ್ಟಿದ್ದು ಫ್ರಾನ್ಸಿನ ‘ಜ್ಯೂ ದ ಪೋಮ್’ ಎಂಬ ಆಟದಿಂದ. ಅಂಗೈ ಆಟ ಅಂತ ಅದರ ಅರ್ಥ, ಯಾಕೆಂದರೆ ರ‍್ಯಾಕೆಟ್ ಬರುವ ಮೊದಲು ಚೆಂಡನ್ನು ಕೈಯಲ್ಲೇ ಹೊಡೆಯುತ್ತಿದ್ದರು. ಅಲ್ಲಿ ಇಬ್ಬರೂ 45ಕ್ಕೆ ಬಂದು ನಿಂತರೆ ‘ಆ ದ್ಯೋ’ ಅನ್ನುತ್ತಿದ್ದರು, ಅಂದರೆ ‘ಎರಡಕ್ಕೆ’. ಗೇಮ್‌ಗೆ ಇನ್ನೆರಡು ಬಾಕಿ ಅಂತ. ಇಟಲಿಯವರೂ ಅದನ್ನೇ ‘ಆ ದೂಎ’ ಅನ್ನುತ್ತಿದ್ದರು. 1598ರಲ್ಲಿ ಜಾನ್ ಫ್ಲೋರಿಯೋ ಮಾಡಿದ ಇಟಾಲಿಯನ್-ಇಂಗ್ಲಿಷ್ ನಿಘಂಟಿನಲ್ಲಿ ಈ ಇಟಾಲಿಯನ್ ಮಾತಿಗೆ ಟೆನ್ನಿಸ್ ಆಟದ ಡ್ಯೂಸ್ ಎಂದೇ ಅರ್ಥ ಕೊಟ್ಟಿದೆ. ಅಂದರೆ ಅಷ್ಟು ಹೊತ್ತಿಗಾಗಲೇ ಇಂಗ್ಲಿಷರ ಬಾಯಲ್ಲಿ ಇದು ಓಡಾಡುತ್ತಿತ್ತು.

ಕೊನೆಯ ‘ಸ್’ ಎಲ್ಲಿಂದ ಬಂತು ಅಂದರೆ, ಹಳೆಯ ಫ್ರೆಂಚಿನಲ್ಲಿ ಎರಡು ಅನ್ನುವ ಪದದ ತುದಿಯ ಸಕಾರವನ್ನು ಉಚ್ಚರಿಸುತ್ತಿದ್ದರು. ಇಂಗ್ಲಿಷ್ ಆ ಹೊತ್ತಿನಲ್ಲಿ ತೆಗೆದುಕೊಂಡು ಹಾಗೇ ಇಟ್ಟುಕೊಂಡಿತು. ಫ್ರೆಂಚಿನಲ್ಲಿ ಆಮೇಲೆ ಸಕಾರ ಬಿದ್ದುಹೋಯಿತು. ಇಸ್ಪೀಟಿನಲ್ಲಿ ಎರಡರ ಎಲೆಗೆ ಇಂಗ್ಲಿಷಿನಲ್ಲಿ ಡ್ಯೂಸ್ ಅನ್ನುವುದೂ ಇದೇ ಪದ.

ಎರಡು ಕೂಡಿಸು ಎರಡು

ಒಂದು ಅನುಮಾನ ಮೇಡಂ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡೋನು. ಗೇಮ್‌ಗೆ ಎರಡು ಬಾಕಿ ಅನ್ನೋದು 30-30ಕ್ಕೂ ಸರಿಹೋಗುತ್ತಲ್ಲ? ಅಲ್ಲೂ ಇಬ್ಬರಿಗೂ ಎರಡೆರಡೇ ಬೇಕು.

ಅಷ್ಟೇ ಅಲ್ಲ, 30-30 ಮತ್ತು ಡ್ಯೂಸ್ ಲೆಕ್ಕದಲ್ಲಿ ಒಂದೇ. 30-30ರಲ್ಲಿ ಒಂದು ಗೆದ್ದರೆ 40-30. ಅಲ್ಲಿ ಇನ್ನೊಂದು ಗೆದ್ದರೆ ಗೇಮ್, ಸೋತರೆ ಡ್ಯೂಸ್. ಅಡ್ವಾಂಟೇಜಿನಲ್ಲೂ ಅದೇ ತಾನೆ, ಗೆದ್ದರೆ ಗೇಮ್, ಸೋತರೆ ಡ್ಯೂಸ್. ಹೆಸರು ಬೇರೆ, ನಿಂತ ಜಾಗ ಒಂದೇ.

ಪ್ರತಿ ಹತ್ತು ಪಾಯಿಂಟಿನಲ್ಲಿ ಆರು ಗೆಲ್ಲುವ ಆಟಗಾರ್ತಿ ಅಂತ ಇಟ್ಟುಕೊಳ್ಳಿ. ನೂರು ಸಲ ಡ್ಯೂಸ್ ಆದರೆ, ಮುಂದಿನ ಎರಡು ಪಾಯಿಂಟನ್ನೂ ಅವಳೇ ಗೆಲ್ಲೋದು 36 ಸಲ, ಎರಡನ್ನೂ ಸೋಲೋದು 16 ಸಲ, ಉಳಿದ 48 ಸಲ ಒಂದೊಂದು ಹಂಚಿಹೋಗಿ ಮತ್ತೆ ಡ್ಯೂಸ್. ಆ 48ರಲ್ಲೂ ಇದೇ ಪ್ರಮಾಣ ಮುಂದುವರಿಯುತ್ತೆ, ಹಾಗಾಗಿ ಕೊನೆಗೆ 52ಕ್ಕೆ 36ರಂತೆ, ನೂರಕ್ಕೆ ಸುಮಾರು 69 ಗೇಮ್ ಅವಳದು. 30-30ರಿಂದ ಹೊರಟರೂ 69. ಮತ್ತೆ ಒಂದಕ್ಕೆ ಮಾತ್ರ ಯಾಕೆ ವಿಶೇಷ ಹೆಸರು?

ಬಿಳಿ ಗೆರೆ

ರಾಜ್ಯಮಟ್ಟದ ಟೂರ್ನಿಗಳಲ್ಲಿ ಅಂಪೈರ್ ಆಗಿ ಚೇರ್ ಮೇಲೆ ಕೂರುತ್ತೇನೆ. ಗಣಿತದ ಮೇಷ್ಟ್ರು ಹೇಳಿದ್ದಕ್ಕೆ ಕೋರ್ಟಿನಲ್ಲೂ ಗುರುತಿದೆ. 30-30ರಲ್ಲಿ ಸರ್ವ್ ಬಲಗಡೆಯಿಂದ, ಡ್ಯೂಸ್‌ನಲ್ಲೂ ಬಲಗಡೆಯಿಂದ. 40-30 ಆಗಲಿ 30-40 ಆಗಲಿ ಅಡ್ವಾಂಟೇಜ್ ಆಗಲಿ, ಎಡಗಡೆಯಿಂದ. ಆಡಿದ ಪಾಯಿಂಟುಗಳು ಸರಿಸಂಖ್ಯೆ ಇದ್ದರೆ ಬಲ, ಬೆಸ ಇದ್ದರೆ ಎಡ. ಅದಕ್ಕೇ ಆಟಗಾರರು ಬಲಭಾಗವನ್ನು ಡ್ಯೂಸ್ ಸೈಡ್, ಎಡಭಾಗವನ್ನು ಆ್ಯಡ್ ಸೈಡ್ ಅನ್ನೋದು. ಮಕ್ಕಳು ಸ್ಕೋರ್ ಮರೆತು ಜಗಳಕ್ಕೆ ನಿಂತಾಗ ನಾನು ಮೊದಲು ಕೇಳೋದು ‘ಕೊನೆಯ ಸರ್ವ್ ಯಾವ ಕಡೆಯಿಂದ ಮಾಡಿದ್ರಿ?’ ಅಂತ. ಅರ್ಧ ಜಗಳ ಅಲ್ಲೇ ಬಗೆಹರಿಯುತ್ತೆ.

ಕೂಗುವಾಗ ‘ಫಿಫ್ಟೀನ್ ಆಲ್’, ‘ಥರ್ಟಿ ಆಲ್’ ಇದೆ, ‘ಫಾರ್ಟಿ ಆಲ್’ ಮಾತ್ರ ಇಲ್ಲ. ಹೊಸಬರು ಬಾಯ್ತಪ್ಪಿ ಕೂಗಿದರೆ ತಿದ್ದುತ್ತೇವೆ.

ಪದದ ಬೆನ್ನು ಹತ್ತಿ

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. 30-30ರಲ್ಲಿ ಎರಡು ಬೇಕು ಅಂತ ಯಾರೂ ಹೇಳಬೇಕಾಗಿಲ್ಲ, ಅಂಕಿಯೇ ಹೇಳುತ್ತೆ. ಎದುರಾಳಿ 30ರಲ್ಲಿರುವಾಗ ನೀವು 45ಕ್ಕೆ ಹೋದರೆ ಒಂದೇ ಸಾಕು. ಎದುರಾಳಿಯೂ 45ಕ್ಕೆ ಬಂದುಬಿಟ್ಟರೆ? ಅಂಕಿಯನ್ನು ನಂಬಿದರೆ ಇಬ್ಬರಿಗೂ ಒಂದೊಂದೇ ಬಾಕಿ, ಮುಂದಿನ ಚೆಂಡು ಯಾರದೋ ಗೇಮ್ ಅವರದು. ಆದರೆ ಆಟದ ಕಟ್ಟಳೆ ಅದನ್ನು ಒಪ್ಪುವುದಿಲ್ಲ. ಇಲ್ಲಿಂದ ಒಂದು ಸಾಲದು, ಎರಡು ಬೇಕು ಅನ್ನುತ್ತೆ. ಅಂಕಿ ಹೇಳುವುದು ಒಂದು, ಕಟ್ಟಳೆ ಹೇಳುವುದು ಎರಡು. ಹಾಗಾಗಿ ಅಂಕಿಯನ್ನು ಬದಿಗಿಟ್ಟು ಬಾಯಿಬಿಟ್ಟು ‘ಎರಡಕ್ಕೆ!’ ಅಂತ ಸಾರಬೇಕಾಯಿತು.

ಅದುವರೆಗೆ ಎಷ್ಟು ಗಳಿಸಿದೆವು ಅಂತ ಎಣಿಸುತ್ತಿದ್ದವರು, ಡ್ಯೂಸ್ ಬಂದ ಕೂಡಲೇ ಎಷ್ಟು ಬಾಕಿ ಅಂತ ಎಣಿಸುತ್ತಾರೆ. ಅಪ್ಪನವರ ಬೋರ್ಡಿನಲ್ಲಿ 40ರ ಹಿಂದೆ ಹಲಗೆ ಇಲ್ಲದ್ದು ಅದಕ್ಕೇ. ಗಳಿಕೆಯ ಲೆಕ್ಕ ಅಲ್ಲಿಗೆ ಮುಗಿಯುತ್ತೆ.

‘ಸಮ’ ಅನ್ನುವ ಅರ್ಥವೂ ಪೂರ್ತಿ ತಪ್ಪಲ್ಲ. ಹಳೆಯ ಫ್ರೆಂಚಿನಲ್ಲಿ ಇಬ್ಬರ ನಡುವೆ ಯಾರದೂ ಮೇಲುಗೈ ಇಲ್ಲ ಅನ್ನುವುದಕ್ಕೆ ‘ನಾವು ಆಟಕ್ಕೆ ಎರಡರಲ್ಲಿದ್ದೇವೆ’ ಎಂಬ ನುಡಿಗಟ್ಟೇ ಇತ್ತು. ಎರಡು ಬಾಕಿ ಅನ್ನುವುದರಿಂದ ಸಮ ಅನ್ನುವುದು ಹುಟ್ಟಿತು.

ದಾವಣಗೆರೆ ಟಿಟಿ

ಈಗ ಅರ್ಥ ಆಯ್ತು ಮೇಡಂ. ಟಿಟಿಯಲ್ಲೂ 11ಕ್ಕೆ ಗೇಮ್, ಆದರೆ 10-10 ಆದರೆ ಒಂದು ಸಾಲಲ್ಲ, ಎರಡರ ಅಂತರ ಬೇಕು. ಇಷ್ಟು ವರ್ಷ ಕೂಗ್ತಾ ಇದ್ದೀನಿ, ಎರಡು ಅಂತ ಕೂಗ್ತಿದ್ದೀನಿ ಅನ್ನೋದು ಗೊತ್ತಿರಲಿಲ್ಲ.

ತುಮಕೂರು ಟಾಪ್‌ಸ್ಪಿನ್

ಡ್ಯೂಸ್ ಒಪ್ಪಿದೆ. ಆದರೆ 15-30-45ಕ್ಕೆ ಗಡಿಯಾರ ಅಲ್ಲದೆ ಬೇರೆ ಏನಿದೆ? ಕಣ್ಣಿಗೆ ಕಾಣೋ ಹಾಗಿದೆಯಲ್ಲ.

ಪದದ ಬೆನ್ನು ಹತ್ತಿ

ಕಣ್ಣಿಗೆ ಕಾಣುವ ಹಾಗಿರುವುದೇ ಅದರ ತೊಂದರೆ. ಇಂದಿನ ಗಡಿಯಾರ ನೋಡಿ ಹಿಂದಿನದನ್ನು ಊಹಿಸುತ್ತಿದ್ದೇವೆ.

ಫ್ರಾನ್ಸಿನ ರಾಜಮನೆತನದ ಶಾರ್ಲ್ ದೋರ್ಲಿಯಾ ಎಂಬ ಕವಿ 1415ರ ಅಜಿಂಕೋರ್ಟ್ ಯುದ್ಧದಲ್ಲಿ ಸೆರೆಸಿಕ್ಕಿ 25 ವರ್ಷ ಇಂಗ್ಲೆಂಡಿನಲ್ಲಿ ಬಂಧಿಯಾಗಿದ್ದ. ಅವನದೊಂದು ಕವಿತೆಯಲ್ಲಿ, ಮುಪ್ಪಿನ ಜೊತೆ ಪೋಮ್ ಆಡಿ ಆಡಿ ಈಗ 45ಕ್ಕೆ ಬಂದಿದ್ದೇನೆ ಅನ್ನುತ್ತಾನೆ. ಅವನು ಹುಟ್ಟಿದ್ದು 1394ರಲ್ಲಿ, ಹಾಗಾಗಿ 45 ಅವನ ವಯಸ್ಸೂ ಹೌದು, ಆಟದ ಸ್ಕೋರೂ ಹೌದು. ಓದುವವರಿಗೆ ಆಟದ 45 ಗೊತ್ತಿದ್ದರೆ ಮಾತ್ರ ಆ ಮಾತಿಗೆ ಬೆಲೆ. ಅಂದರೆ 1439ರ ಹೊತ್ತಿಗೇ ಈ ಎಣಿಕೆ ಎಲ್ಲರಿಗೂ ಗೊತ್ತಿತ್ತು.

ಆ ಕಾಲದ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಗಂಟೆಯ ಮುಳ್ಳೊಂದೇ. ನಿಮಿಷದ ಮುಳ್ಳು ಎಲ್ಲೆಡೆ ಬಂದದ್ದು ಹೈಗನ್ಸ್ 1656ರಲ್ಲಿ ಲೋಲಕದ ಗಡಿಯಾರ ಮಾಡಿದ ಮೇಲೆ, ಇನ್ನೂರು ವರ್ಷಕ್ಕೂ ಹೆಚ್ಚು ತಡವಾಗಿ. ಮುಖದ ಮೇಲೆ 12 ಗಂಟೆಗಳಷ್ಟೇ ಇದ್ದಾಗ ಕಾಲುಸುತ್ತು ತಿರುಗಿಸಿದರೆ 3 ಬರುತ್ತೆ, 15 ಬರುವುದಿಲ್ಲ.

50ಕ್ಕೆ ಜಾಗ ಮಾಡಲು 45ನ್ನು 40ಕ್ಕೆ ಇಳಿಸಿದರು ಅನ್ನುವುದೂ ನಿಲ್ಲುವುದಿಲ್ಲ. ಇಟಲಿಯ ಆಂತೋನಿಯೋ ಸ್ಕೈನೋ ಎಂಬ ಪಾದ್ರಿ 1555ರಲ್ಲಿ ಚೆಂಡಾಟಗಳ ಮೇಲೆ ಪುಸ್ತಕ ಬರೆದ. ಅದರಲ್ಲಿ ಎಣಿಕೆ 15, 30, 45. ಡ್ಯೂಸೂ ಇದೆ, ಅಡ್ವಾಂಟೇಜೂ ಇದೆ. 45 ಇದ್ದಾಗಲೇ ಅಡ್ವಾಂಟೇಜ್ ನಡೆಯುತ್ತಿತ್ತು.

ಹುಬ್ಬಳ್ಳಿ ಹಿರ್ಯಾ

ನಾ ಟೆನ್ನಿಸ್ ಆಡಿದಾಂವ ಅಲ್ರೀ, ಮೊಮ್ಮಗನ ಜೋಡಿ ಟೀವ್ಯಾಗ ನೋಡ್ತೀನಿ. ಆದ್ರ ಈ ಲೆಕ್ಕ ನನಗ ಹೊಸದು ಅನಸಲಿಲ್ಲ. ನಮ್ಮ ಕಾಲದಾಗ ರೂಪಾಯಿಗೆ ಹದಿನಾರಾಣೆ. ನಾಕಾಣೆ, ಎಂಟಾಣೆ, ಹನ್ನೆರಡಾಣೆ, ರೂಪಾಯಿ, ಹಿಂಗ ಕಾಲು ಕಾಲು ಏರ್ತಿತ್ತು. 1957ರಾಗ ಹೊಸಾ ಪೈಸಾ ಬಂದು ಆಣೆ ಹೋತು. ಆದ್ರೂ ಐವತ್ತು ಪೈಸಾಕ್ಕ ಎಂಟಾಣೆ ಅನ್ನೋದು ಮಂದಿ ಬಿಡಲಿಲ್ಲ. ನಾಣ್ಯದ ಮ್ಯಾಲ 50 ಅಂತ ಬರದಿರ್ತಿತ್ತು, ಬಾಯಾಗ ಎಂಟಾಣೆ. ಆಣೆ ಕಾಣದ ಹುಡುಗರೂ ಹಂಗ ಅಂತಿದ್ರು. ಈ ಹದಿನೈದು, ಮೂವತ್ತೂ ಯಾವುದರ ರೊಕ್ಕದ ಕಾಲುಭಾಗ ಇರಬೇಕೇನು?

ಪದದ ಬೆನ್ನು ಹತ್ತಿ

ಅಜ್ಜಾರೇ, ಜರ್ಮನಿಯ ವಿದ್ವಾಂಸ ಹೈನರ್ ಗಿಲ್‌ಮೈಸ್ಟರ್ ಅವರ ವಾದವೂ ಇದೇ ದಾರಿಯದು! ಪೋಮ್ ಆಟ ಪಣ ಕಟ್ಟದೆ ನಡೆಯುತ್ತಿರಲಿಲ್ಲ. ಆಗ ಫ್ರಾನ್ಸಿನಲ್ಲಿ ‘ಗ್ರೋ’ ಎಂಬ ಬೆಳ್ಳಿ ನಾಣ್ಯ ಇತ್ತು. ಮೊದಲು ಅದಕ್ಕೆ ‘ದೆನಿಯೇ’ ಎಂಬ ಚಿಲ್ಲರೆ ನಾಣ್ಯ 12ರಷ್ಟು ಬೆಲೆ, ಒಂದು ಕಾಲಕ್ಕೆ ಅದು 15ಕ್ಕೆ ಏರಿತು. ಪಾಯಿಂಟಿಗೊಂದು ಗ್ರೋ ಪಣ ಕಟ್ಟಿದರೆ 15, 30, 45, ನಾಲ್ಕನೆಯದಕ್ಕೆ 60. ಎಂಟಾಣೆಯ ಹಾಗೆಯೇ ನಾಣ್ಯ ಹೋಯಿತು, ಎಣಿಕೆ ಬಾಯಲ್ಲಿ ಉಳಿಯಿತು ಅಂತ ಅವರ ಅಭಿಪ್ರಾಯ. ನನಗೂ ಇದೇ ಹೆಚ್ಚು ಹತ್ತಿರ ಅನಿಸುತ್ತೆ, ಆದರೆ ಸಾಬೀತಾಗಿದೆ ಅನ್ನಲಾರೆ. ಪಣ ಇತ್ತು ಅನ್ನುವುದಕ್ಕೆ ಆಧಾರ ಬೇಕಾದಷ್ಟಿದೆ. ಪಾಯಿಂಟಿನ 15 ಆ ನಾಣ್ಯದ 15ರಿಂದಲೇ ಬಂತು ಅನ್ನುವ ಕೊಂಡಿ ಮಾತ್ರ ಊಹೆ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು. 1579ರಲ್ಲಿ ಪ್ಯಾರಿಸ್ಸಿನಲ್ಲಿ ಜಾಂ ಗೊಸ್ಲಾಂ ಎಂಬಾತ, ರಾಜನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವನು, ಈ ಎಣಿಕೆಯ ಗೊಂದಲ ಬಿಡಿಸಲೆಂದೇ ಒಂದು ಪುಸ್ತಿಕೆ ಬರೆದ. ವೃತ್ತದ ಆರನೆಯ ಒಂದು ಭಾಗಕ್ಕೆ 60 ಡಿಗ್ರಿ, ಅದರ ಕಾಲು 15, ಅಲ್ಲಿಂದ ಬಂದಿರಬಹುದು ಅಂದ. ಅವನು ಖಗೋಳ ಬಲ್ಲವನು, ಅದಕ್ಕೆ ಅವನಿಗೆ ಹಾಗೆ ಹೊಳೆಯಿತು. ಅಂದರೆ 1579ರಲ್ಲಿ, ದಿನವೂ ಆ ಆಟ ಆಡುತ್ತಿದ್ದವರ ಊರಿನಲ್ಲೇ, 15 ಯಾಕೆ ಅನ್ನುವುದು ಮರೆತುಹೋಗಿತ್ತು. ಮಗಳು ಸ್ಕೂಟರಿನಲ್ಲಿ ಕೇಳಿದ್ದು ಅದೇ ಪ್ರಶ್ನೆ.

ಮೈಸೂರಿನ ಅಪ್ಪ

ಇದನ್ನು ಅವಳಿಗೆ ಓದಿ ಹೇಳಿದೆ, ಕಣ್ಣರಳಿಸಿದಳು. ಆದರೆ ಬಿಡಲಿಲ್ಲ, ‘ಮೂರನೆಯದಕ್ಕೆ ಹತ್ತೇ ಯಾಕೆ ಅಂತ ಇನ್ನೂ ಯಾರೂ ಹೇಳಿಲ್ಲ’ ಅಂತಾಳೆ.

ಬಿಳಿ ಗೆರೆ

ಅದು ಬಾಯಿಯ ಸೋಮಾರಿತನ ಅನ್ನೋದು ನನ್ನ ಅಂದಾಜು, ಕೋರ್ಟಿನಲ್ಲಿ ದಿನಾ ಕೇಳ್ತೀನಲ್ಲ. ‘ಫಾರ್ಟಿ ಫೈವ್’ ಅಂತ ಉದ್ದಕ್ಕೆ ಕೂಗೋ ಬದಲು ‘ಫಾರ್ಟಿ’. ಕ್ಲಬ್ಬುಗಳಲ್ಲಿ ತಾವೇ ಸ್ಕೋರ್ ಹೇಳಿಕೊಂಡು ಆಡೋರು ಈಗ ‘ಫಿಫ್ಟೀನ್’ ಅನ್ನದೆ ‘ಫೈವ್’ ಅಂತಾರೆ, ‘ಫೈವ್-ಥರ್ಟಿ’ ಅಂತ. ಯಾರೂ ಐದು ಅಂತ ತಪ್ಪು ತಿಳಿಯಲ್ಲ. ಮುಂದೆ ಯಾವತ್ತಾದರೂ ನಿಯಮದ ಪುಸ್ತಕದಲ್ಲಿ 5 ಅಂತಲೇ ಅಚ್ಚಾದರೆ, ಆಗಲೂ ಯಾವುದೋ ಮಗು ‘ಐದಾದಮೇಲೆ ಮೂವತ್ತು ಯಾಕೆ’ ಅಂತ ಕೇಳುತ್ತೆ.

ಪದದ ಬೆನ್ನು ಹತ್ತಿ

ನಾನೂ ಹಾಗೇ ನಂಬಿದ್ದೇನೆ. ಯಾಕೆಂದರೆ ಇಲ್ಲಿ ಅಂಕಿಗಳನ್ನು ಯಾರೂ ಕೂಡಿಸುತ್ತಿರಲಿಲ್ಲ. ಅವು ನಾಲ್ಕು ಮೆಟ್ಟಿಲುಗಳ ಹೆಸರು ಅಷ್ಟೇ. ಮೂರನೆಯ ಮೆಟ್ಟಿಲಿನ ಹೆಸರಿನ ಬಾಲ ಕತ್ತರಿಸಿದರೆ ಆಟಕ್ಕೆ ಏನೂ ಆಗುವುದಿಲ್ಲ.

ಈ ಎಣಿಕೆ ಲಾನ್ ಟೆನ್ನಿಸ್‌ಗೆ ಬಾರದೆಯೂ ಹೋಗಬಹುದಿತ್ತು. 1874ರಲ್ಲಿ ವಿಂಗ್‌ಫೀಲ್ಡ್ ಹುಲ್ಲಿನ ಮೇಲೆ ಆಡುವ ಟೆನ್ನಿಸ್‌ಗೆ ಪೇಟೆಂಟ್ ಪಡೆದಾಗ ಗೇಮ್ ಅಂದರೆ ನೇರವಾಗಿ 15 ಪಾಯಿಂಟ್, ಸರ್ವ್ ಮಾಡುವವನಿಗೆ ಮಾತ್ರ ಅಂಕ. 1877ರಲ್ಲಿ ಮೊದಲ ವಿಂಬಲ್ಡನ್‌ಗೆ ನಿಯಮ ಬರೆದ ಮೂವರು, ಜೂಲಿಯನ್ ಮಾರ್ಷಲ್, ಹೆನ್ರಿ ಜೋನ್ಸ್, ಹೀತ್‌ಕೋಟ್, ಅದನ್ನು ಕೈಬಿಟ್ಟು ಹಳೆಯ ಟೆನ್ನಿಸ್‌ನ ಎಣಿಕೆ ತಂದರು. ಮಾರ್ಷಲ್ ಹಳೆಯ ಆಟದ ಚರಿತ್ರೆ ಬಲ್ಲವರು. ಅವರು ತರದಿದ್ದರೆ ನಾವಿಲ್ಲಿ ಡ್ಯೂಸ್ ಬಗ್ಗೆ ಮಾತಾಡುತ್ತಲೇ ಇರಲಿಲ್ಲ.

ಲಿಯೋನ್ ಕನ್ನಡಿಗ

ಫ್ರಾನ್ಸಿನ ಲಿಯೋನ್‌ನಲ್ಲಿದ್ದೇನೆ, ವಾರಕ್ಕೆರಡು ದಿನ ಆಡ್ತೀನಿ. ಇಲ್ಲಿ ಯಾರಿಗೂ ಡ್ಯೂಸ್ ಅಂದರೆ ಗೊತ್ತಾಗಲ್ಲ! ಮೊದಲ ದಿನ ನಾನು ಡ್ಯೂಸ್ ಅಂತ ಕೂಗಿದಾಗ ಎದುರಿನವರು ಚೆಂಡು ಹಿಡಿದು ನನ್ನ ಮುಖ ನೋಡಿದರು. ಇಲ್ಲಿ ಅದಕ್ಕೆ ‘ಎಗಾಲಿತೆ’, ಅಂದರೆ ಸಮ. 15-15ಕ್ಕೆ ‘ಕ್ಯಾಂಜ್ ಆ’. ಪದ ಕೊಟ್ಟ ಊರಲ್ಲೇ ಪದ ಇಲ್ಲ. ಸೊನ್ನೆಗೂ ಇಲ್ಲಿ ‘ಜೆರೋ’ ಅಷ್ಟೇ. ಇಂಗ್ಲಿಷಿನಲ್ಲಿ ಸೊನ್ನೆಗೆ ಲವ್ ಅನ್ನೋದು ಫ್ರೆಂಚಿನ ಮೊಟ್ಟೆ ಅನ್ನೋ ಪದದಿಂದ ಬಂತು ಅಂತ ಕೇಳಿದ್ದೆ, ಕ್ಲಬ್ಬಿನ ಹಿರಿಯರನ್ನ ಕೇಳಿದರೆ ‘ನಾವು ಯಾವತ್ತೂ ಮೊಟ್ಟೆ ಅಂದಿಲ್ಲ’ ಅಂದರು.

ಪದದ ಬೆನ್ನು ಹತ್ತಿ

ಲವ್ ಬಗ್ಗೆ ಬೇರೆ ಚರ್ಚೆ ತೆರೆಯೋಣ, ಅದಕ್ಕೂ ಇಷ್ಟೇ ಉದ್ದ ಬೇಕು. ಮೊಟ್ಟೆಯ ಕತೆಯನ್ನು ನಾನೂ ನಂಬುವುದಿಲ್ಲ.

ಎರಡು ಕೂಡಿಸು ಎರಡು

ಲೆಕ್ಕಕ್ಕೆ ಇನ್ನೊಂದು ಸಿಕ್ಕಿತು. 1975ರಲ್ಲಿ ಇಂಗ್ಲೆಂಡಿನ ಸರ್ಬಿಟನ್‌ನಲ್ಲಿ ಆಂಥನಿ ಫಾಸೆಟ್ ಮತ್ತು ಕೀತ್ ಗ್ಲಾಸ್ ಆಡಿದ ಒಂದೇ ಗೇಮ್‌ನಲ್ಲಿ 37 ಡ್ಯೂಸ್! ಮೊದಲ ಡ್ಯೂಸ್ ಬರೋಕೆ ಮೂರು-ಮೂರು, ಒಟ್ಟು 6 ಪಾಯಿಂಟ್. ಆಮೇಲಿನ 36 ಡ್ಯೂಸ್‌ಗೆ ಎರಡೆರಡರಂತೆ 72. ಕೊನೆಗೆ ಗೆಲ್ಲೋಕೆ 2. ಕೂಡಿದರೆ 80 ಪಾಯಿಂಟ್, ಒಂದು ಗೇಮ್‌ಗೆ. ಎರಡರ ಕಟ್ಟಳೆ ಇಲ್ಲದಿದ್ದರೆ ಏಳನೇ ಪಾಯಿಂಟಿಗೇ ಮುಗಿದಿರೋದು.

ಬಿಳಿ ಗೆರೆ

ಈಗ ಏಳನೆಯದಕ್ಕೇ ಮುಗಿಸೋ ನಿಯಮವೂ ಇದೆ ಮೇಷ್ಟ್ರೇ. ನೋ-ಆ್ಯಡ್ ಅಂತಾರೆ. ಎಟಿಪಿ ಟೂರಿನ ಡಬಲ್ಸ್‌ನಲ್ಲಿ 2006ರಿಂದ ಇದೇ. ಗ್ರ್ಯಾಂಡ್‌ಸ್ಲ್ಯಾಮ್ ಪುರುಷರ ಡಬಲ್ಸ್‌ನಲ್ಲಿ ಮಾತ್ರ ಹಳೆಯ ಪದ್ಧತಿ ಉಳಿದಿದೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ಅಡ್ವಾಂಟೇಜ್ ಇರುವ ಗೇಮ್‌ಗಳಲ್ಲಿ. ಟೂರಿನ ಬೇರೆ ವಾರಗಳಲ್ಲಿ ಅವರೇ ನೋ-ಆ್ಯಡ್ ಆಡುತ್ತಿದ್ದರು. ನೋ-ಆ್ಯಡ್‌ನಲ್ಲಿ 40-40 ಆದರೆ ಒಂದೇ ಪಾಯಿಂಟ್, ಯಾವ ಕಡೆಯಿಂದ ಸರ್ವ್ ತೆಗೆದುಕೊಳ್ಳಬೇಕು ಅನ್ನೋದು ರಿಸೀವರ್ ಆಯ್ಕೆ. ಆಗಲೂ ನಾವು ಕೂಗೋದು ಡ್ಯೂಸ್ ಅಂತಲೇ.

ಪದದ ಬೆನ್ನು ಹತ್ತಿ

ಒಂದೇ ಬಾಕಿ ಇರುವಾಗ ‘ಎರಡಕ್ಕೆ’ ಅಂತ ಕೂಗುತ್ತಿದ್ದೀರಿ! ಹುಬ್ಬಳ್ಳಿಯ ಅಜ್ಜ ಹೇಳಿದ ಎಂಟಾಣೆ ಕತೆಯೇ ಇದು.

ತುಮಕೂರು ಟಾಪ್‌ಸ್ಪಿನ್

ಗಡಿಯಾರ ಬಿಟ್ಟೆ ಮೇಡಂ. ಆದರೆ ನಾಣ್ಯದ್ದೂ ಊಹೆ ಅಂದಮೇಲೆ ಅದನ್ನೂ ಪೂರ್ತಿ ಒಪ್ಪಲಾರೆ. ಕೋರ್ಟಿನ ಅಳತೆಯಿಂದ ಬಂತು, ಗೆದ್ದವನು 15 ಅಡಿ ಮುಂದೆ ಬರ್ತಿದ್ದ ಅಂತಲೂ ಎಲ್ಲೋ ಓದಿದ್ದೆ.

ಪದದ ಬೆನ್ನು ಹತ್ತಿ

ಅದನ್ನು ನಾನೂ ಓದಿದ್ದೇನೆ. ಆ ಕಾಲದವರು ಯಾರೂ ಹಾಗೆ ಆಡಿದರೆಂದು ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮಗೆ ಸಿಕ್ಕರೆ ಖಂಡಿತ ಇಲ್ಲಿ ಹಾಕಿ.

ಮೈಸೂರಿನ ಅಪ್ಪ

ಈ ಭಾನುವಾರ ಮತ್ತೆ ಬೋರ್ಡ್ ನನ್ನ ಪಾಲಿಗೆ ಬಂತು. ಎರಡನೇ ಗೇಮ್ ಡ್ಯೂಸ್ ಆಯ್ತು. ಮಗಳು ಸರ್ವ್‌ಗೆ ಹೋಗುವ ಮೊದಲು ನನ್ನ ಕಡೆ ತಿರುಗಿ ಎರಡು ಬೆರಳು ತೋರಿಸಿದಳು. ಮೊದಲನೆಯದು ಗೆದ್ದು ಒಂದು ಬೆರಳು ಮಡಚಿದಳು. ಮುಂದಿನದು ಗೆರೆಯಾಚೆ ಬಿತ್ತು, ಮತ್ತೆ ಎರಡು ಬೆರಳು. ಹೀಗೆ ನಾಲ್ಕು ಸಲ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಹುಡುಗಿಯ ಅಮ್ಮ ಕೇಳಿದರು, ‘ಅದೇನು ಸನ್ನೆ ಸರ್?’ ಅಂತ. ಹೇಳೋಕೆ ಶುರು ಮಾಡಿದೆ. 1439ಕ್ಕೆ ಬರುವಷ್ಟರಲ್ಲಿ ಗೇಮ್ ಮುಗಿದಿತ್ತು, ಹಲಗೆ ತಿರುವೋದು ಮರೆತಿದ್ದೆ.